ಗುಮಾಸ್ತ ಮುಗಿಸಿದ ವ್ಯವಹಾರಕ್ಕೆ ಸಾವುಕಾರ ಯಾವಾಗ ಬಾಧ್ಯ?

ನಿಪ್ಪಾಣಿಯ ಬೀಡಿ ತಂಬಾಕಿನ ವ್ಯಾಪಾರಿಯೊಬ್ಬ ಬೆಳೆ ನೋಡಿಬರಲೆಂದು ಗುಮಾಸ್ತನನ್ನು ಬೇಡಕಿಹಾಳಕ್ಕೆ ಕಳಿಸಿದ ಎಂದಿಟ್ಟುಕೊಳ್ಳೋಣ. ಖರೀದಿಯ ಅಧಿಕಾರ ಕೊಟ್ಟಿರಲಿಲ್ಲ. ಗುಮಾಸ್ತ ಮಾತ್ರ ‘ನಮ್ಮ ಸಾವುಕಾರರ ಪರವಾಗಿ’ ಎಂದು ಹೇಳಿ, 10 ಕ್ವಿಂಟಲ್ ಮಾಲನ್ನು ಕಿಲೋಗೆ 180 ರೂಪಾಯಿಯಂತೆ ಮುಗಿಸಿಬಿಟ್ಟ. ರೈತನಿಗೆ ಬರಬೇಕಾದ 1,80,000 ರೂಪಾಯಿಯನ್ನು ಯಾರು ಕೊಡಬೇಕು?

1872ರ ಭಾರತೀಯ ಕರಾರು ಕಾಯ್ದೆಯ 196ನೇ ಕಲಂ ಸಾವುಕಾರನಿಗೆ ಎರಡು ದಾರಿ ಇಟ್ಟಿದೆ: ವ್ಯವಹಾರವನ್ನು ತಳ್ಳಿಹಾಕಬಹುದು, ಇಲ್ಲವೇ ಸ್ಥಿರೀಕರಿಸಬಹುದು. ಸ್ಥಿರೀಕರಿಸಿದರೆ ಮೊದಲೇ ಅಧಿಕಾರ ಕೊಟ್ಟಿದ್ದಂತೆಯೇ ಲೆಕ್ಕ. ಅದಕ್ಕೆ ಕಾಗದಪತ್ರವೇ ಬೇಕೆಂದಿಲ್ಲ. ಮಾಲನ್ನು ವಖಾರಿಗೆ ಹಾಕಿಸಿಕೊಂಡು ಇನ್ನೊಬ್ಬರಿಗೆ ಮಾರಿದರೆ ಆ ನಡತೆಯೇ ಒಪ್ಪಿಗೆ. ‘ಮಾಲು ಬೇಕು, ಆದರೆ 150ರಂತೆ’ ಎನ್ನುವ ಹಾಗಿಲ್ಲ. ಒಂದು ಭಾಗ ಒಪ್ಪಿದರೆ ಇಡೀ ವ್ಯವಹಾರ ಒಪ್ಪಿದಂತೆ ಎನ್ನುತ್ತದೆ 199ನೇ ಕಲಂ. ಆದರೆ ಗುಮಾಸ್ತ ದರವನ್ನೇ ಮುಚ್ಚಿಟ್ಟಿದ್ದರೆ, ಮುಖ್ಯ ಸಂಗತಿ ತಿಳಿಯದೆ ಕೊಟ್ಟ ಆ ಒಪ್ಪಿಗೆ 198ನೇ ಕಲಮಿನ ಪ್ರಕಾರ ನಿಲ್ಲುವುದಿಲ್ಲ. ರೈತನ ಪರ ವಕೀಲರು ಮೊದಲು ಹುಡುಕಬೇಕಾದದ್ದು ಇದನ್ನೇ: ಸಾವುಕಾರನಿಗೆ ದರ ಯಾವಾಗ ಗೊತ್ತಾಯಿತು, ಆಮೇಲೆ ಮಾಲನ್ನು ಏನು ಮಾಡಿದ?

ಈ ತತ್ವದ ಅಂಚುಗಳನ್ನು ಕೊರೆದದ್ದು ಇಂಗ್ಲೆಂಡಿನ ನ್ಯಾಯಾಲಯಗಳು. 1889ರ ಬೋಲ್ಟನ್ ಪಾರ್ಟ್ನರ್ಸ್ ಪ್ರಕರಣದಲ್ಲಿ, ಎದುರು ಪಕ್ಷ ಹಿಂದೆ ಸರಿದ ಮೇಲೆ ಕೊಟ್ಟ ಸ್ಥಿರೀಕರಣವೂ ಹಿಂದಿನಿಂದಲೇ ಜಾರಿಯಾಯಿತು. ನನಗಂತೂ ಅದು ಹೊರಗಿನವನಿಗೆ ಆದ ಅನ್ಯಾಯ. 1901ರ ಕೀಗ್ಲಿ ಮ್ಯಾಕ್ಸ್‌ಟೆಡ್ ಪ್ರಕರಣ ನಮ್ಮ ರೈತನಿಗೆ ಇನ್ನೂ ಹತ್ತಿರದ್ದು. ಅಲ್ಲಿ ದಲಾಲ, ಕೊಟ್ಟ ಮಿತಿಗಿಂತ ಹೆಚ್ಚಿನ ದರಕ್ಕೆ, ತನ್ನದೇ ಹೆಸರಿನಲ್ಲಿ ಗೋಧಿ ಕೊಂಡ. ಮಾಲಕರು ಆಮೇಲೆ ಒಪ್ಪಿದರೂ ಮಾರಿದವನಿಗೆ ಬಾಧ್ಯರಾಗಲಿಲ್ಲ. ಅವರ ಪರವಾಗಿ ಕೊಳ್ಳುತ್ತಿದ್ದೇನೆಂದು ದಲಾಲ ಬಾಯಿಬಿಟ್ಟಿರಲಿಲ್ಲ. ‘ಸಾವುಕಾರರ ಪರವಾಗಿ’ ಎಂಬ ಮಾತಿನ ಬೆಲೆ ಇಲ್ಲಿ ತಿಳಿಯುತ್ತದೆ.

ಖರೀದಿದಾರ ಸರಕಾರವೇ ಆದಾಗ ಕಥೆ ಬೇರೆ. ಸೇನೆಯ ಕ್ಯಾಂಟೀನ್‌ಗೆ ಬೀಡಿ ಪೂರೈಸುತ್ತಿದ್ದ ಸಂಸ್ಥೆಯ ಪಾಲುದಾರ ಚತುರ್ಭುಜ ಜಸಾನಿ ಭಂಡಾರಾದಿಂದ ಚುನಾವಣೆಗೆ ನಿಂತಾಗ, ಸರಕಾರದೊಡನೆ ಕರಾರು ಇದ್ದವರು ಅನರ್ಹರು ಎಂಬ ಆಕ್ಷೇಪ ಬಂತು. ಕರಾರು ಸಂವಿಧಾನ ಹೇಳಿದ ನಮೂನೆಯಲ್ಲಿ ಇರದಿದ್ದರೂ ಸರಕಾರ ಅದನ್ನು ಸ್ಥಿರೀಕರಿಸಬಹುದು ಎಂದು 1954ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿವಿಯನ್ ಬೋಸ್ ಬರೆದರು. 1962ರ ಭೀಕ್‌ರಾಜ್ ಜೈಪುರಿಯಾ ತೀರ್ಪು, 1968ರ ಮೂಲಮ್‌ಚಂದ್ ತೀರ್ಪು ಆ ಬಾಗಿಲು ಮುಚ್ಚಿದವು: ನಮೂನೆ ತಪ್ಪಿದ ಸರಕಾರಿ ಕರಾರನ್ನು ಸ್ಥಿರೀಕರಿಸಲು ಬರುವುದಿಲ್ಲ. ಸರಕಾರ ಮಾಲು ಪಡೆದು ಅನುಭವಿಸಿದ್ದರೆ 70ನೇ ಕಲಮಿನಡಿ ನ್ಯಾಯವಾದ ಪರಿಹಾರ ಕೇಳಬಹುದು, ಕರಾರಿನ ದರವನ್ನಲ್ಲ.

ಸಾವುಕಾರ ವ್ಯವಹಾರವನ್ನು ತಳ್ಳಿಹಾಕಿದರೂ ಬೇಡಕಿಹಾಳದ ರೈತನಿಗೆ ದಾರಿ ಪೂರ್ತಿ ಮುಚ್ಚುವುದಿಲ್ಲ. ಹಿಂದಿನ ಹಂಗಾಮುಗಳಲ್ಲಿ ಇದೇ ಗುಮಾಸ್ತ ಮುಗಿಸಿದ ವ್ಯವಹಾರಕ್ಕೆಲ್ಲ ಆತ ಹಣ ಕೊಟ್ಟಿದ್ದರೆ, ಅಧಿಕಾರವಿದೆ ಎಂಬ ನಂಬಿಕೆ ಹುಟ್ಟಿಸಿದವನೂ ಅವನೇ. 237ನೇ ಕಲಂ ಅವನನ್ನೇ ಹಿಡಿಯುತ್ತದೆ. ಅದೂ ಇಲ್ಲದಿದ್ದರೆ 235ನೇ ಕಲಮಿನಡಿ ಗುಮಾಸ್ತನ ಮೇಲೆಯೇ ನಷ್ಟಪರಿಹಾರದ ದಾವೆ ಹೂಡಬೇಕು. ಗೆದ್ದರೂ ವಸೂಲಾಗುವುದು ಅವನ ಹತ್ತಿರ ಇರುವಷ್ಟೇ.