ಆಡಳಿತ ಪರೀಕ್ಷೆಗಳಲ್ಲಿ ಸನ್ನಿವೇಶ ನಿರ್ಣಯ ಪ್ರಶ್ನೆಗಳು

ಅಧಿಕಾರಸ್ಥಾನದಲ್ಲಿರುವ ವ್ಯಕ್ತಿಯೊಬ್ಬನ ಮುಂದೆ ಕರ್ತವ್ಯಗಳು ಪರಸ್ಪರ ವಿರುದ್ಧವಾಗಿ ನಿಂತ ಒಂದು ಪ್ರಸಂಗವನ್ನು ವರ್ಣಿಸಿ, ಅಲ್ಲಿ ಕೈಕೊಳ್ಳತಕ್ಕ ಕ್ರಮಗಳಲ್ಲಿ ಧರ್ಮಸಮ್ಮತವೂ ಕಾರ್ಯಸಾಧ್ಯವೂ ಆದುದು ಯಾವುದೆಂದು ಅಭ್ಯರ್ಥಿಯನ್ನು ಕೇಳುವ ಪ್ರಶ್ನೆಗಳಿಗೆ ಈ ಹೆಸರು. ಕೇಂದ್ರ ಲೋಕಸೇವಾ ಆಯೋಗವು ನಾಗರಿಕ ಸೇವೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ 2011ರಿಂದ ಇಂಥ ಪ್ರಶ್ನೆಗಳನ್ನು ನಾಲ್ಕು ಆಯ್ಕೆಗಳ ರೂಪದಲ್ಲಿ ಕೇಳತೊಡಗಿತು. ಉಳಿದ ಪ್ರಶ್ನೆಗಳಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿಯಿದ್ದರೂ ಇವುಗಳಿಗೆ ಅದನ್ನು ಅನ್ವಯಿಸಲಿಲ್ಲ. ಅತ್ಯುಚಿತವಾದ ಉತ್ತರಕ್ಕೆ ಹೆಚ್ಚು, ಅಷ್ಟು ಉಚಿತವಲ್ಲದ ಉತ್ತರಕ್ಕೆ ಕಡಿಮೆ ಅಂಕ ಕೊಡುವುದರಲ್ಲಿಯೇ ದಂಡನೆಯೂ ಅಡಗಿದೆಯೆಂಬುದು ಅದಕ್ಕೆ ಕೊಟ್ಟ ಕಾರಣ. ವಿಷಯದ ತಿರುಳೇ ಇಲ್ಲಿದೆ. ಗಣಿತದ ಉತ್ತರದಂತೆ ಇಲ್ಲಿ ಸರಿ ತಪ್ಪುಗಳೆರಡೇ ಇಲ್ಲ, ಉತ್ತಮ ಮಧ್ಯಮ ಅಧಮವೆಂಬ ತಾರತಮ್ಯವಿದೆ. 2013ರಿಂದ ಮುಖ್ಯ ಪರೀಕ್ಷೆಯಲ್ಲಿ ನೀತಿ, ಪ್ರಾಮಾಣಿಕತೆ ಮತ್ತು ಅಭಿಕ್ಷಮತೆಯೆಂಬ 250 ಅಂಕಗಳ ಪತ್ರಿಕೆಯೊಂದು ಸೇರಿ, ಅದರ ಉತ್ತರಾರ್ಧದಲ್ಲಿ ಪ್ರಕರಣಗಳನ್ನು ವಿಸ್ತಾರವಾಗಿ ಬರೆದು ಚರ್ಚಿಸುವ ಕ್ರಮ ಬಂದಿತು. ಕರ್ನಾಟಕ ಲೋಕಸೇವಾ ಆಯೋಗದ ಗೆಜೆಟೆಡ್ ಪ್ರೊಬೇಷನರ್ ಪರೀಕ್ಷೆಯ ಸಾಮಾನ್ಯ ಅಧ್ಯಯನದಲ್ಲಿಯೂ ನೀತಿಶಾಸ್ತ್ರಕ್ಕೆ ಸ್ಥಾನ ದೊರೆತಿದೆ.

ಈ ಪ್ರಶ್ನೆಗಳಿಗೆ ಉತ್ತರಿಸುವವರಲ್ಲಿ ಅತಿ ಸಾಮಾನ್ಯವಾಗಿ ಕಾಣುವ ದೋಷವು ಸದ್ಭಾವನೆಯ ಕೊರತೆಯಲ್ಲ, ಪೀಠದ ಮರೆವು. ಪ್ರಸಂಗದೊಳಗಿನ ಅಧಿಕಾರಿ ತಹಶೀಲ್ದಾರನೋ, ಉಪವಿಭಾಗಾಧಿಕಾರಿಯೋ, ಜಿಲ್ಲಾಧಿಕಾರಿಯೋ ಎಂಬುದನ್ನು ಗಮನಿಸದೆ, ಮೂವರ ಅಧಿಕಾರವೂ ತನಗೇ ಇರುವಂತೆ ಬರೆದ ಉತ್ತರವು ಎಷ್ಟೇ ಉದಾತ್ತವಾಗಿದ್ದರೂ ಆಚರಣೆಗೆ ಬಾರದು. ಆದುದರಿಂದ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಈ ಕುರ್ಚಿಯಲ್ಲಿ ಕುಳಿತವನ ಕೈಗೆ ಈ ಗಳಿಗೆಯಲ್ಲಿ ಎಟಕುವುದೇನು ಎಂಬುದೇ. ಒಂದು ಪ್ರಸಂಗವನ್ನು ಕೊನೆಯವರೆಗೆ ನಡೆಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಸುಳ್ಯ ತಾಲೂಕಿನ ಮಂಡೆಕೋಲು ಕೇರಳದ ಕಾಸರಗೋಡು ಜಿಲ್ಲೆಗೆ ಅಂಟಿಕೊಂಡಿರುವ ಗ್ರಾಮ. 1956ರ ರಾಜ್ಯ ಪುನರ್ವಿಂಗಡಣೆಯು ಎಳೆದ ಗೆರೆಯ ಎರಡು ಬದಿಗಳಲ್ಲಿಯೂ ಕನ್ನಡ ತುಳುಗಳನ್ನಾಡುವ ಮನೆಗಳಿವೆ, ನೆಂಟಸ್ತಿಕೆಯಿದೆ, ಅಡಕೆ ತೋಟಗಳಿವೆ. 2020ರ ಮಾರ್ಚ್ ತಿಂಗಳ ಕೊನೆಯಲ್ಲಿ ಕೊರೊನಾ ಸೋಂಕಿನ ಭಯದಿಂದ ಕರ್ನಾಟಕವು ಕಾಸರಗೋಡಿನ ಕಡೆಯ ಗಡಿಯನ್ನು ಮುಚ್ಚಿ, ಹಲವು ರಸ್ತೆಗಳಿಗೆ ಮಣ್ಣು ಸುರಿಸಿತು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಆ ಬದಿಯ ರೋಗಿಗಳು ದಾರಿಯಲ್ಲಿ ಸಿಲುಕಿದರು. ಆ ದಿನಗಳನ್ನು ಹಿನ್ನೆಲೆಯಾಗಿಟ್ಟುಕೊಂಡು ಪರೀಕ್ಷೆಯ ಮಾದರಿಯಲ್ಲಿ ಒಂದು ಪ್ರಶ್ನೆಯನ್ನು ಹೀಗೆ ಕಲ್ಪಿಸಬಹುದು. ನೀವು ಸುಳ್ಯದ ತಹಶೀಲ್ದಾರರು. ರಾತ್ರಿ ಹನ್ನೊಂದರ ಹೊತ್ತಿಗೆ ಮಂಡೆಕೋಲಿನ ಗಡಿಯಿಂದ ಗ್ರಾಮಕರಣಿಕರ ಕರೆ ಬರುತ್ತದೆ: ಮಣ್ಣಿನ ರಾಶಿಯ ಆಚೆಗೆ ಒಂದು ಜೀಪಿನಲ್ಲಿ ಹೆರಿಗೆ ನೋವಿನಿಂದ ನರಳುತ್ತಿರುವ ಹೆಂಗಸು, ರಕ್ತಸ್ರಾವ ಆರಂಭವಾಗಿದೆ, ಸುಳ್ಯದ ಆಸ್ಪತ್ರೆ ಹತ್ತಿರ, ಕಾಸರಗೋಡು ದೂರ. ಯಾರನ್ನೂ ಒಳಗೆ ಬಿಡಬಾರದೆಂದು ಮೇಲಧಿಕಾರಿಗಳು ಬಾಯಿಮಾತಿನಲ್ಲಿ ಹೇಳಿದ್ದಾರೆ. ಈಚೆಯ ಊರಿನ ಕೆಲವರು ಸೋಂಕಿಗೆ ಹೆದರಿ, ರಾಶಿಯನ್ನು ತೆಗೆಯಕೂಡದೆಂದು ಅಡ್ಡ ನಿಂತಿದ್ದಾರೆ.

ಆಯ್ಕೆಗಳು ನಾಲ್ಕು. ಆಜ್ಞೆಯನ್ನು ಪಾಲಿಸಿ ಜೀಪನ್ನು ಹಿಂದಿರುಗಿಸುವುದು ಮೊದಲನೆಯದು. ಜೇಸಿಬಿ ತರಿಸಿ ರಸ್ತೆಯನ್ನು ತೆರೆಯಿಸುವುದು ಎರಡನೆಯದು. ಮೇಲಧಿಕಾರಿಗಳಿಗೆ ವರದಿಮಾಡಿ ಅವರ ಲಿಖಿತ ಅಪ್ಪಣೆ ಬರುವವರೆಗೆ ಕಾಯುವುದು ಮೂರನೆಯದು. ರಾಶಿಯನ್ನು ಹಾಗೆಯೇ ಬಿಟ್ಟು, ರೋಗಿಯನ್ನೂ ಜತೆಗೊಬ್ಬರನ್ನೂ ಮಾತ್ರ ಸ್ಟ್ರೆಚರಿನಲ್ಲಿ ಈಚೆಗೆ ದಾಟಿಸಿ, ಇಲ್ಲಿಂದ ಆಂಬುಲೆನ್ಸಿನಲ್ಲಿ ಕಳುಹಿಸಿ, ಆಸ್ಪತ್ರೆಗೂ ಮೇಲಧಿಕಾರಿಗಳಿಗೂ ಅದೇ ಹೊತ್ತಿನಲ್ಲಿ ತಿಳಿಸುವುದು ನಾಲ್ಕನೆಯದು.

ಮೊದಲನೆಯದು ಆಜ್ಞೆಯ ಅಕ್ಷರವನ್ನು ಉಳಿಸಿ ಅದರ ಉದ್ದೇಶವನ್ನು ಮರೆಯುತ್ತದೆ. ಜನಸಂಚಾರದಿಂದ ಸೋಂಕು ಹರಡದಿರಲಿ ಎಂಬುದು ಆಜ್ಞೆಯ ಉದ್ದೇಶ. ಒಬ್ಬ ಗರ್ಭಿಣಿಯನ್ನು ಎಚ್ಚರಿಕೆಯಿಂದ ದಾಟಿಸಿದರೆ ಅದಕ್ಕೆ ಭಂಗವಿಲ್ಲ. ಕೇಂದ್ರದ 2020ರ ಮಾರ್ಚ್ 24ರ ಆದೇಶವೂ ಆಸ್ಪತ್ರೆಗಳನ್ನೂ ವೈದ್ಯಕೀಯ ಸೇವೆಗಳನ್ನೂ ನಿರ್ಬಂಧದಿಂದ ಹೊರಗಿಟ್ಟಿತ್ತು. ಎರಡನೆಯದು ಕರುಣೆಯಿಂದ ಹುಟ್ಟಿದ್ದಾದರೂ ಪೀಠವನ್ನು ಮೀರಿದ್ದು. ಸರಕಾರವು ಮುಚ್ಚಿದ ರಸ್ತೆಯನ್ನು ಸಾರ್ವಜನಿಕ ಸಂಚಾರಕ್ಕೆ ತೆರೆಯುವ ತೀರ್ಮಾನ ತಹಶೀಲ್ದಾರನದಲ್ಲ. ಮೇಲಾಗಿ ಯಂತ್ರ ಬಂದು ಮಣ್ಣು ತೆಗೆಯುವಷ್ಟರಲ್ಲಿ ಕಾಲ ಕಳೆಯುತ್ತದೆ, ತೆರೆದ ದಾರಿಯಲ್ಲಿ ಮುಂದೆ ಯಾರು ಬರುವರೆಂಬುದಕ್ಕೆ ಹತೋಟಿಯಿರದು, ಹೆದರಿದ ಜನ ಇನ್ನಷ್ಟು ಕೆರಳುತ್ತಾರೆ. ಹೆಚ್ಚು ಮಂದಿ ಜಾರುವುದು ಮೂರನೆಯದರಲ್ಲಿ, ಏಕೆಂದರೆ ಅದು ವಿಧೇಯತೆಯಂತೆಯೂ ವಿವೇಕದಂತೆಯೂ ತೋರುತ್ತದೆ. ಆದರೆ ಕಾಯುವುದೂ ಒಂದು ನಿರ್ಣಯವೇ. ಅದರ ಬೆಲೆಯನ್ನು ತೆರುವವಳು ಜೀಪಿನಲ್ಲಿರುವವಳು. ಆ ನಷ್ಟವನ್ನು ನಾಳೆ ಬರುವ ಯಾವ ಆದೇಶವೂ ತುಂಬಿಕೊಡಲಾರದು. ತಿದ್ದಬಹುದಾದ ತಪ್ಪಿಗೂ ತಿದ್ದಲಾಗದ ತಪ್ಪಿಗೂ ನಡುವೆ ಆರಿಸಬೇಕಾಗಿ ಬಂದಾಗ ಮೊದಲನೆಯದರ ಅಪಾಯವನ್ನು ಹೊರುವುದೇ ಅಧಿಕಾರಿಯ ಧರ್ಮ.

ನಾಲ್ಕನೆಯ ಕ್ರಮವು ತಹಶೀಲ್ದಾರನ ಕೈಗೆ ಎಟಕುವ ಉಪಕರಣಗಳಿಂದಲೇ ಆಗಬಲ್ಲುದು: ಅವನು ತಾಲೂಕಿನ ಕಾರ್ಯನಿರ್ವಾಹಕ ದಂಡಾಧಿಕಾರಿ, ಪೊಲೀಸರ ನೆರವನ್ನು ಕೇಳಬಲ್ಲ, ಆರೋಗ್ಯಾಧಿಕಾರಿಯನ್ನು ಎಬ್ಬಿಸಬಲ್ಲ, ಅಡ್ಡ ನಿಂತವರೊಡನೆ ಖುದ್ದಾಗಿ ಮಾತಾಡಬಲ್ಲ. ಆದರೂ ಬರಿಯ ಆಯ್ಕೆಯಿಂದ ಮುಖ್ಯ ಪರೀಕ್ಷೆಯಲ್ಲಿ ಪೂರ್ಣ ಅಂಕ ದೊರೆಯದು. ಸ್ಟ್ರೆಚರು ಹೊರುವವರಿಗೆ ಮುಖಗವಸೂ ಕೈಗವಸೂ ಬೇಕು. ದಾಟಿ ಬಂದ ಇಬ್ಬರ ಹೆಸರು ವಿಳಾಸಗಳು ದಾಖಲಾಗಬೇಕು. ಜೀಪಿನ ಚಾಲಕ ಆಚೆಯೇ ಉಳಿಯಬೇಕು. ಆಸ್ಪತ್ರೆಯಲ್ಲಿ ಪ್ರತ್ಯೇಕ ಕೋಣೆ ಸಿದ್ಧವಿರಬೇಕು. ಮೇಲಧಿಕಾರಿಗಳು ಫೋನಿನಲ್ಲಿ ಸ್ಪಷ್ಟವಾಗಿ ಬೇಡವೆಂದರೆ ಏನೆಂಬುದನ್ನೂ ಉತ್ತಮ ಉತ್ತರ ಬಿಟ್ಟುಬಿಡುವುದಿಲ್ಲ. ಮೇಲಿನವರ ನಿರ್ದೇಶನ ಸಾಮಾನ್ಯವಾಗಿ ಲಿಖಿತವಾಗಿರಬೇಕು, ಬಾಯಿಮಾತಿನದನ್ನು ಕೂಡಲೇ ಬರಹದಲ್ಲಿ ದೃಢಪಡಿಸಬೇಕು ಎಂದು ಅಖಿಲ ಭಾರತ ಸೇವೆಗಳ 1968ರ ನಡತೆ ನಿಯಮಗಳು ಹೇಳುತ್ತವೆ. ಆ ತತ್ತ್ವವನ್ನು ಹಿಡಿದು, ರೋಗಿಯ ಸ್ಥಿತಿಯನ್ನು ಎರಡು ಮಾತಿನಲ್ಲಿ ತಿಳಿಸಿ, ನಿಷೇಧವನ್ನು ಬರೆದುಕೊಡಬೇಕೆಂದು ವಿನಯದಿಂದ ಕೇಳುವುದು, ಅಷ್ಟರಲ್ಲಿ ಹೆಂಗಸನ್ನು ದಾಟಿಸಿ ಅದರ ಹೊಣೆಯನ್ನು ತನ್ನ ಸಹಿಯೊಡನೆ ಒಪ್ಪಿಕೊಳ್ಳುವುದು ಪ್ರಾಮಾಣಿಕವಾದ ಮಾರ್ಗ. ಗುಟ್ಟಾಗಿ ದಾಟಿಸಿ ಸುಮ್ಮನಿರುವುದು ಅದೇ ಫಲವನ್ನು ಕೊಟ್ಟರೂ ಕೆಳಗಿನ ದರ್ಜೆಯದು.

ನಿಜವಾದ ವಿವಾದವೂ ಇದೇ ದಿಕ್ಕಿನಲ್ಲಿ ಮುಗಿದುದು ಗಮನಾರ್ಹ. ತುರ್ತು ಚಿಕಿತ್ಸೆಗೆ ಬರುವವರಿಗೆ ದಾರಿ ಬಿಡಿಸಬೇಕೆಂದು 2020ರ ಏಪ್ರಿಲ್ 1ರಂದು ಕೇರಳ ಉಚ್ಚ ನ್ಯಾಯಾಲಯವು ಕೇಂದ್ರಕ್ಕೆ ಆದೇಶಿಸಿತು. ಪ್ರಕರಣ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ, ಗಡಿಯ ತಲಪಾಡಿಯಲ್ಲಿ ರೋಗಿಗಳನ್ನು ಬಿಡುವ ನಿಯಮಗಳಿಗೆ ಒಪ್ಪಿಗೆಯಾಗಿದೆಯೆಂದು ಏಪ್ರಿಲ್ 7ರಂದು ಅಲ್ಲಿ ನಿವೇದಿಸಲಾಯಿತು. ಗಡಿ ಪೂರ್ತಿ ತೆರೆಯಲೂ ಇಲ್ಲ, ರೋಗಿಯನ್ನು ಪೂರ್ತಿ ತಡೆಯಲೂ ಇಲ್ಲ.

ಈ ಪದ್ಧತಿಗೆ ಮಿತಿಗಳುಂಟು. ಏನು ಮಾಡಬೇಕು ಎಂದು ಕೇಳಿದರೆ ಅಭ್ಯರ್ಥಿಯ ತಿಳಿವಳಿಕೆಯೂ, ನೀವೇನು ಮಾಡುವಿರಿ ಎಂದು ಕೇಳಿದರೆ ಅವನ ಪ್ರವೃತ್ತಿಯೂ ಹೆಚ್ಚಾಗಿ ವ್ಯಕ್ತವಾಗುತ್ತವೆಂದು ಮನಶ್ಶಾಸ್ತ್ರಜ್ಞರು ಕಂಡಿದ್ದಾರೆ. ನಮ್ಮ ಪರೀಕ್ಷೆಗಳು ಬಹುಮಟ್ಟಿಗೆ ಮೊದಲನೆಯದನ್ನೇ ಅಳೆಯುತ್ತವೆ. ತರಬೇತಿ ಕೇಂದ್ರಗಳ ಸಿದ್ಧ ಉತ್ತರಗಳು ಇದನ್ನು ಇನ್ನೂ ಕೆಡಿಸಿವೆ: ಸಮಿತಿ ರಚಿಸುವುದು, ಜಾಗೃತಿ ಮೂಡಿಸುವುದು, ಎಲ್ಲರನ್ನೂ ವಿಶ್ವಾಸಕ್ಕೆ ತೆಗೆದುಕೊಳ್ಳುವುದು ಎಂಬ ಮಾತುಗಳು ಯಾವ ಪ್ರಸಂಗಕ್ಕೂ ಹೊಂದುವುದರಿಂದಲೇ ಯಾವುದಕ್ಕೂ ಸಲ್ಲುವುದಿಲ್ಲ. ಉತ್ತರವು ಪ್ರಸಂಗದಿಂದಲೇ ಹುಟ್ಟಿತೋ ಇಲ್ಲವೋ ಎಂಬುದನ್ನು ತಿಳಿಯಲು ಒಂದು ವಿವರವನ್ನು ಬದಲಿಸಿ ನೋಡಬೇಕು. ಮಂಡೆಕೋಲಿನ ಈಚೆ ಬದಿಗೆ ಆ ರಾತ್ರಿ ಆಂಬುಲೆನ್ಸು ಬರುವುದಕ್ಕೆ ಒಂದು ಗಂಟೆ ಬೇಕೆಂದಾದರೆ, ತಹಶೀಲ್ದಾರನು ತನ್ನ ಇಲಾಖೆಯ ವಾಹನವನ್ನೇ ಕಳುಹಿಸಬೇಕಾಗುತ್ತದೆ. ಕಾಸರಗೋಡಿನ ಆಸ್ಪತ್ರೆಯೇ ಹತ್ತಿರವೆಂದಾದರೆ, ಆ ಬದಿಯ ಅಧಿಕಾರಿಗಳಿಗೆ ಕರೆಮಾಡಿ ಅಲ್ಲಿಗೆ ಕಳುಹಿಸುವುದೇ ಮೇಲಾಗುತ್ತದೆ.