ನಿರ್ವ್ಯಕ್ತಿಕ ಪ್ರತಿನಾಯಕ: ಕಥನದಲ್ಲಿ ಕ್ಷಾಮ

ಕಥಾನಾಯಕನಿಗೆ ಎದುರಾಗಿ ನಿಲ್ಲುವ ಶಕ್ತಿಯು ಮನುಷ್ಯನಾಗಿರದೆ ಕ್ಷಾಮ, ಪ್ರವಾಹ, ಮಾರಿಬೇನೆಗಳಂತಹ ವಿಪತ್ತಾಗಿದ್ದರೆ ಅದನ್ನು ನಿರ್ವ್ಯಕ್ತಿಕ ಪ್ರತಿನಾಯಕನೆನ್ನಬಹುದು. ರಾವಣನಿಗೆ ಆಸೆಯುಂಟು, ದುರ್ಯೋಧನನಿಗೆ ಛಲವುಂಟು. ಬರಗಾಲಕ್ಕೆ ಇವೆರಡೂ ಇಲ್ಲದಿರುವುದರಿಂದ ಅದು ಬೇಡಿಕೊಂಡರೆ ಕರಗದು, ಬೈದರೆ ಕೆರಳದು, ತಾನು ಕೊಂದವರ ಹೆಸರನ್ನೂ ಅರಿಯದು. ಈ ಕೊರತೆಯನ್ನು ತುಂಬುವುದಕ್ಕಾಗಿ ಕ್ಷಾಮವನ್ನು ಬಾಯ್ದೆರೆದ ರಾಕ್ಷಸಿಯನ್ನಾಗಿ ವರ್ಣಿಸುವ ಪದ್ಧತಿಯೊಂದು ಹಿಂದಿನಿಂದಲೂ ನಡೆದುಬಂದಿದೆಯಾದರೂ, ಮನಸ್ಸಿಲ್ಲದುದಕ್ಕೆ ಮನಸ್ಸನ್ನು ಆರೋಪಿಸಿದೊಡನೆಯೇ ಓದುಗನ ಭೀತಿ ತಗ್ಗುತ್ತದೆ. ಏಕೆಂದರೆ ಮನಸ್ಸುಳ್ಳುದನ್ನು ಹೇಗಾದರೂ ಒಲಿಸಿಕೊಳ್ಳಬಹುದೆಂಬ ಆಸೆ ಒಳಗೊಳಗೇ ಚಿಗುರುತ್ತದೆ.

ಈ ಪ್ರಕಾರದ ಉತ್ತಮ ನಿದರ್ಶನವೆಂದರೆ 1943ರ ಬಂಗಾಳದ ಕ್ಷಾಮವನ್ನು ಕುರಿತು ವಿಭೂತಿಭೂಷಣ ಬಂದ್ಯೋಪಾಧ್ಯಾಯರು (1894–1950) ಬರೆದ ‘ಅಶನಿ ಸಂಕೇತ’ವೆಂಬ ಕಾದಂಬರಿ. ಬ್ರಾಹ್ಮಣರಿಲ್ಲದ ಹಳ್ಳಿಯೊಂದಕ್ಕೆ ಪತ್ನಿ ಅನಂಗಳೊಡನೆ ಬಂದು ನೆಲಸಿದ ಗಂಗಾಚರಣನು ಅಲ್ಲಿ ಪಾಠವನ್ನೂ ಪೌರೋಹಿತ್ಯವನ್ನೂ ನಡೆಸುತ್ತ, ನೆರೆಯೂರಿಗೆ ಕಾಲರಾ ತಗುಲದಂತೆ ಶಾಂತಿಕರ್ಮ ಮಾಡಿ ದಕ್ಷಿಣೆ ಪಡೆಯುತ್ತ ಸುಖವಾಗಿರುತ್ತಾನೆ. ಮಾರಿಯನ್ನು ಮಂತ್ರದಿಂದ ತಡೆಯಬಲ್ಲೆನೆಂದು ಊರನ್ನು ನಂಬಿಸಿದವನಿಗೇ ಯಾವ ಮಂತ್ರಕ್ಕೂ ಕಿವಿಗೊಡದ ಹಸಿವನ್ನು ಎದುರು ನಿಲ್ಲಿಸಿದುದು ಲೇಖಕರ ಜಾಣ್ಮೆ. ವಿಪತ್ತಿಗೆ ವೈರವಿಲ್ಲದಿದ್ದರೂ, ಅದು ಯಾರ ಬದುಕಿಗೆ ಬಂದೆರಗುತ್ತದೆಯೋ ಆ ವ್ಯಕ್ತಿಯ ಆಯ್ಕೆಯಿಂದಲೇ ವೈರದಷ್ಟು ತೀಕ್ಷ್ಣವಾದ ಸಂಘರ್ಷವು ಹುಟ್ಟಬಲ್ಲುದು.

ಇಂತಹ ಪ್ರತಿನಾಯಕನಿಗೆ ಮುಖವಿಲ್ಲದಿದ್ದರೂ ನಡೆ ಇರಬೇಕು, ಆ ನಡೆಯನ್ನು ಅಳೆಯಲು ಒಂದೇ ಒಂದು ಮಾನದಂಡವಿರಬೇಕು. ಬಂಗಾಳದ ಆ ಕ್ಷಾಮದಲ್ಲಿ ನೆಲವು ಬಿರಿದಿರಲಿಲ್ಲ, ಕೆರೆ ಬತ್ತಿರಲಿಲ್ಲ; ಸತ್ಯಜಿತ್ ರಾಯ್ 1973ರಲ್ಲಿ ಈ ಕಥೆಯನ್ನು ಚಿತ್ರಿಸಿದಾಗ ಹೊಲ, ತೋಪು, ಚಿಟ್ಟೆಗಳನ್ನು ಹಸಿಹಸಿಯಾದ ಬಣ್ಣಗಳಲ್ಲಿಯೇ ತೋರಿಸಿದುದು ಈ ಕಾರಣದಿಂದ. ಬರ್ಮಾ ಜಪಾನೀಯರ ವಶವಾಗಿ ಅಲ್ಲಿನ ಅಕ್ಕಿ ನಿಂತು, ಯುದ್ಧಕಾಲದ ವೆಚ್ಚದಿಂದ ಬೆಲೆಯೇರಿ, ಇದ್ದವರು ದಾಸ್ತಾನು ಮಾಡತೊಡಗಿದಾಗ, ವಿಪತ್ತು ಆಕಾಶದಿಂದ ಬಾರದೆ ಅಂಗಡಿಯ ತಕ್ಕಡಿಯಿಂದ ಬಂತು. ಕಲಕತ್ತೆಯಲ್ಲಿ ಸುಮಾರು 37 ಕಿಲೋ ತೂಗುವ ಒಂದು ಮಣ ಅಕ್ಕಿಗೆ 1942ರ ಡಿಸೆಂಬರಿನಲ್ಲಿ ಸುಮಾರು 14 ರೂಪಾಯಿ ಇದ್ದ ಬೆಲೆ ಮುಂದಿನ ಮಾರ್ಚಿಗೆ 21ನ್ನು ಮುಟ್ಟಿ, ಮೇ ತಿಂಗಳಲ್ಲಿ 30ನ್ನು ದಾಟಿತು. ಕಾದಂಬರಿಕಾರನಿಗೆ ಇದಕ್ಕಿಂತ ಭಯಂಕರವಾದ ವರ್ಣನೆ ಬೇಕಿಲ್ಲ. ಹಿಂದಿನ ಅಧ್ಯಾಯದ ದರವನ್ನು ನೆನಪಿಟ್ಟುಕೊಂಡ ಓದುಗನು ಮುಂದಿನ ಅಧ್ಯಾಯದಲ್ಲಿ ಯಾರಾದರೂ ಅಂಗಡಿಯ ಕಡೆಗೆ ಹೊರಟೊಡನೆಯೇ ಕಳವಳಗೊಳ್ಳುತ್ತಾನೆ.

ಮಾನದಂಡದ ಜೊತೆಗೆ ಇಂತಹ ಪ್ರತಿನಾಯಕನಿಗೆ ಬೇಕಾದ ಎರಡನೆಯದು ಬಲಿಯ ಅನುಕ್ರಮ. ಹಸಿವು ಎಲ್ಲರ ಮೇಲೆಯೂ ಏಕಕಾಲದಲ್ಲಿ ಬೀಳುವುದಿಲ್ಲ: ಭೂಮಿಯಿಲ್ಲದ ಕೂಲಿಕಾರ, ಮೀನುಗಾರ, ಪರರ ಮನೆಯಲ್ಲಿ ಭತ್ತ ಕುಟ್ಟಿ ಬದುಕುವ ಹೆಂಗಸು, ಇವರು ಮೊದಲು, ನೆಲವುಳ್ಳವನು ಕಡೆಗೆ. ಒಂದೇ ಸಂಸಾರದೊಳಗೂ ಕ್ರಮವುಂಟು. ಎರಡು ಹೊತ್ತಿನ ಊಟ ಒಂದಾಗುತ್ತದೆ, ಅನ್ನ ಗಂಜಿಯಾಗುತ್ತದೆ, ಬಳೆಯೂ ಕಂಚಿನ ತಂಬಿಗೆಯೂ ಮಾರಾಟವಾಗುತ್ತವೆ, ಮನೆಯವರು ಕಾಡಿಗೆ ಗೆಡ್ಡೆ ಅಗೆಯಲು ಹೋಗುತ್ತಾರೆ, ಆಮೇಲೆ ಎತ್ತು, ನೇಗಿಲು, ನೆಲ. ಕೊನೆಗೆ ಊರು ಬಿಡುವುದು. ಇವುಗಳಲ್ಲಿ ತಂಬಿಗೆಗೂ ಎತ್ತಿಗೂ ನಡುವಿನ ಮೆಟ್ಟಿಲು ಕಥೆಗಾರನಿಗೆ ಅತ್ಯಮೂಲ್ಯವಾದುದು. ತಂಬಿಗೆಯನ್ನು ಮಾರಿದವನು ಸುಗ್ಗಿಯವರೆಗೆ ಕಾಯಬಲ್ಲನು, ಎತ್ತನ್ನು ಮಾರಿದವನಿಗೆ ಮುಂದಿನ ಸುಗ್ಗಿಯೇ ಇಲ್ಲ. ಈ ವ್ಯತ್ಯಾಸವನ್ನು ಪಾತ್ರಗಳು ಬಲ್ಲವು. ಬಲ್ಲವಾಗಿದ್ದೂ ಹಗ್ಗ ಬಿಚ್ಚಿಕೊಡುವ ಗಳಿಗೆಯಲ್ಲಿ ಕ್ಷಾಮವು ನಿಜವಾಗಿ ರಂಗಕ್ಕೆ ಬರುತ್ತದೆ. ವಿಭೂತಿಭೂಷಣರಾದರೋ ಮೊದಲ ಹಸಿವಿನ ಸಾವನ್ನು, ಅಸ್ಪೃಶ್ಯ ಜಾತಿಯ ಮೋತಿಯೆಂಬ ಹೆಂಗಸಿನ ಸಾವನ್ನು, ಕಥೆಯ ಅಂತ್ಯದವರೆಗೆ ತಡೆಹಿಡಿದಿದ್ದಾರೆ. ಲಕ್ಷಾಂತರ ಜನ ಸತ್ತ ವಿಪತ್ತಿನ ಕಾದಂಬರಿಯಲ್ಲಿ ಒಂದು ಹೆಣವು ಇಷ್ಟು ಭಾರವಾಗಿರುವುದು ಅದಕ್ಕೆ ಮೊದಲು ಹೆಣಗಳ ರಾಶಿ ಬೀಳದಿರುವುದರಿಂದಲೇ.

ಇಂತಹ ಕಥನಗಳು ಸಾಮಾನ್ಯವಾಗಿ ಕೆಡುವುದು ವ್ಯಾಪಾರಿಯಿಂದ. ಅಕ್ಕಿ ಬಚ್ಚಿಟ್ಟ ಸಾಹುಕಾರನೊಬ್ಬನನ್ನು ಖಳನನ್ನಾಗಿಸಿ, ಅವನ ಉಗ್ರಾಣದ ಬೀಗ ಒಡೆಯುವುದೇ ಪರಾಕಾಷ್ಠೆಯಾದಾಗ ಕ್ಷಾಮವು ಬರಿಯ ಹಿನ್ನೆಲೆಯಾಗಿ ಹಿಂದೆ ಸರಿಯುತ್ತದೆ. ಕೆಟ್ಟಿತೆಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದುಂಟು: ಆ ಒಬ್ಬ ಮನುಷ್ಯನು ಸತ್ತರೆ ಊರು ಉಣ್ಣುವುದಾದರೆ, ಪ್ರತಿನಾಯಕನು ಅವನೇ ಹೊರತು ಕ್ಷಾಮವಲ್ಲ. ಸಾಹುಕಾರನನ್ನು ಬಿಟ್ಟುಬಿಡಬೇಕೆಂದಲ್ಲ, ತನ್ನ ಮಕ್ಕಳ ಮುಂದಿನ ತಿಂಗಳಿಗೆ ಹೆದರಿಯೇ ಅವನು ಬಾಗಿಲು ಹಾಕಿದನೆಂದು ತೋರಿದರೆ, ಅವನೂ ವಿಪತ್ತಿನ ಕೈಯಾಳಾಗುತ್ತಾನೆ.

ಪ್ರವಾಹಕ್ಕೆ ಇಷ್ಟು ವಿಸ್ತಾರವಾದ ಮೆಟ್ಟಿಲುಗಳಿಲ್ಲ. ಅದು ಗಂಟೆಗಳ ಲೆಕ್ಕದ್ದು, ಅದರ ಮಾನದಂಡವು ಗೋಡೆಯ ಮೇಲಿನ ನೀರಿನ ಗುರುತು. ಮಾರಿಬೇನೆಯಲ್ಲಿ ಓದುಗನು ಪಾತ್ರಗಳಿಗಿಂತ ಮೊದಲು ಅರಿಯುವಂತೆ ಮಾಡುವುದುಂಟು. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ಶವಸಂಸ್ಕಾರದ ಅಧಿಕಾರವನ್ನು ಕುರಿತು ಅಗ್ರಹಾರವು ಧರ್ಮಶಾಸ್ತ್ರವನ್ನು ಜಿಜ್ಞಾಸಿಸುತ್ತಿರುವಾಗಲೇ ಇಲಿಗಳು ಸತ್ತು ಬೀಳುತ್ತವೆ, ಹದ್ದುಗಳು ಮಾಡಿನ ಮೇಲೆ ಬಂದು ಕೂರುತ್ತವೆ, ಪ್ಲೇಗೆಂದು ಅಲ್ಲಿನವರಿಗೆ ಹೊಳೆಯುವ ಮೊದಲೇ ಓದುಗನಿಗೆ ಹೊಳೆದಿರುತ್ತದೆ.