ಒಂದು ಅಂಗಡಿ ಚೀಟಿಯ ಪಾಠಪರಿಷ್ಕರಣ

ನಂಜನಗೂಡಿನ ಕಡೆಯ ಒಂದು ಹಳೆಯ ಮನೆಯಲ್ಲಿ, ಪಂಚಾಂಗದ ಹಾಳೆಗಳ ನಡುವೆ ಸಿಕ್ಕಿದ ಅಂಗಡಿ ಚೀಟಿಯೊಂದು ಈಗ ನನ್ನ ಮೇಜಿನ ಮೇಲಿದೆ. ಅದಕ್ಕೆ ತಾರೀಖಿಲ್ಲ, ರುಜುವಿಲ್ಲ. ನನ್ನ ವಿದ್ಯಾರ್ಥಿಯೊಬ್ಬ ಅದನ್ನು ಬಹಳ ಶ್ರದ್ಧೆಯಿಂದ ನಕಲು ಮಾಡಿ ತಂದ. ಶ್ರದ್ಧೆ ಸ್ವಲ್ಪ ಹೆಚ್ಚೇ ಆಗಿತ್ತೆನ್ನಬೇಕು. ಸಂಕ್ಷೇಪಗಳನ್ನೆಲ್ಲ ಬಿಡಿಸಿ, ಗೀಟು ಗುರುತುಗಳನ್ನು ಕೈಬಿಟ್ಟು, ಸಾಮಾನುಗಳನ್ನು ಅಕಾರಾದಿಯಾಗಿ ಜೋಡಿಸಿದ್ದ. ಕೆಳಗೆ ಒಂದು ಟಿಪ್ಪಣಿ: “ದ್ರಾಕ್ಷಿ, ಗೋಡಂಬಿ, ಏಲಕ್ಕಿ ತರಿಸುತ್ತಿದ್ದ ಅನುಕೂಲಸ್ಥರ ಮನೆ.”

ಮೂಲದ ಮೊದಲ ಮತ್ತು ಕೊನೆಯ ಸಾಲುಗಳನ್ನು ಇದ್ದಂತೆಯೇ ಕೊಡುತ್ತೇನೆ. ಸಾಲಿನ ಮೊದಲಲ್ಲಿ ಎಳೆದ ಓರೆಗೀಟನ್ನು ಹಾಗೆಯೇ ತೋರಿಸಿದ್ದೇನೆ. ಉದ್ದಕ್ಕೂ ಹೊಡೆದುಹಾಕಿದ್ದನ್ನು ಚೌಕ ಕಂಸದಲ್ಲಿಟ್ಟಿದ್ದೇನೆ.

ಶ್ರೀ
/ ಅರಿಶಿನ – [೧ ಆ.] ೬ ನ.ಪೈ. ✓
/ ತೊ.ಬೇ. – ೧॥ ಸೇ. ✓
/ ಉ.ಬೇ. – ॥ ಸೇ. ✓
/ ಕ.ಬೇ. – । ಸೇ. ✓
…
/ ಬೆಲ್ಲ – ೨ ಅಚ್ಚು ✓
[ದ್ರಾಕ್ಷಿ]
[ಗೋಡಂಬಿ]
[ಏಲಕ್ಕಿ]

ಅರಿಶಿನ ಮೊದಲು ಬಂದಿರುವುದು ಮಂಗಳಕ್ಕಾಗಿ. ಸಾಮಾನಿನ ಪಟ್ಟಿಯನ್ನು ಅರಿಶಿನದಿಂದ ಆರಂಭಿಸುವುದು ನಮ್ಮ ಮನೆಗಳ ವಾಡಿಕೆ. ಅಕಾರಾದಿಯಲ್ಲೂ ಅದು ಮೊದಲೇ ನಿಂತದ್ದು ನನ್ನ ಶಿಷ್ಯನ ಅದೃಷ್ಟ. ಉಳಿದ ಕಡೆ ಆ ಅದೃಷ್ಟ ಕೈಕೊಟ್ಟಿತು.

ತೊಗರಿಬೇಳೆಯ ಮುಂದಿನ ಎರಡು ನಿಂತ ಗೀಟುಗಳನ್ನು ಅವನು ಪದ್ಯದ ಕೊನೆಯ ಗೀಟುಗಳೆಂದು ತಿಳಿದು, ಒಂದು ಸೇರು ಎಂದು ಬರೆದಿದ್ದ. ಹಳೆಯ ಲೆಕ್ಕದಲ್ಲಿ ಒಂದು ನಿಂತ ಗೀಟು ಕಾಲು, ಎರಡು ಅರ್ಧ, ಮೂರು ಮುಕ್ಕಾಲು. ಆದ್ದರಿಂದ ಇಲ್ಲಿ ಬೇಕಾಗಿದ್ದದ್ದು ಒಂದೂವರೆ ಸೇರು. ಅಳತೆಯ ಸೇರಿಗೆ ನಾಲ್ಕು ಪಾವು; ಅಂದರೆ ಕಾಲು ಸೇರೆಂದರೆ ಒಂದು ಪಾವು.

ಇನ್ನು ‘ಕ.ಬೇ.’ ಶಿಷ್ಯ ಇದನ್ನು ಕರಿಬೇವು ಎಂದು ಬಿಡಿಸಿದ್ದ. ಅಕ್ಷರಗಳನ್ನಷ್ಟೇ ನೋಡಿದರೆ ತಪ್ಪೆನ್ನುವಂತಿಲ್ಲ. ಆದರೆ ಮೂಲದಲ್ಲಿ ಅದರ ನೆರೆಹೊರೆ ಯಾರು? ಮೇಲೆ ತೊಗರಿಬೇಳೆ, ಅದರ ಕೆಳಗೆ ಉದ್ದಿನಬೇಳೆ. ಬರೆದವರ ಮನಸ್ಸು ಬೇಳೆಯ ಡಬ್ಬಿಗಳ ಸಾಲಿನಲ್ಲಿ ನಡೆಯುತ್ತಿದೆ. ಮೇಲಾಗಿ ಕರಿಬೇವನ್ನು ಸೇರಿನಲ್ಲಿ ಅಳೆದು ಕೊಂಡವರನ್ನು ನಾನು ಕಂಡಿಲ್ಲ. ಅದು ಕಡಲೆಬೇಳೆ. ಅಕಾರಾದಿಗೆ ಇಳಿಸಿದೊಡನೆ ಈ ನೆರೆಹೊರೆ ಚೆದುರಿಹೋಗುತ್ತದೆ. ಆಮೇಲೆ ನಕಲನ್ನು ಎಷ್ಟು ತಿದ್ದಿದರೂ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಗುರುತುಗಳ ಕಥೆ ಇದಕ್ಕಿಂತ ಹೆಚ್ಚಿನದು. ಚೀಟಿ ಬರೆದದ್ದು ಕಪ್ಪು ಶಾಯಿಯಲ್ಲಿ. ಸರಿ ಗುರುತುಗಳು ಮಾತ್ರ, ಒದ್ದೆಯಾದರೆ ನೇರಿಳೆ ಬಣ್ಣ ಬಿಡುವ ಕಾಪಿ ಪೆನ್ಸಿಲ್ಲಿನವು; ಅಂಗಡಿಯವರು ಒಂದೊಂದನ್ನೂ ಅಳೆದು ಕಟ್ಟುತ್ತ ಹಾಕಿದವೆಂದು ತೋರುತ್ತದೆ. ಓರೆಗೀಟುಗಳು ಮತ್ತೆ ಶಾಯಿಯವು. ಎರಡು ಮೂರು ಕಡೆ ಅವುಗಳ ಬಾಲ ಉದ್ದವಾಗಿ ನೇರಿಳೆ ಗುರುತಿನ ಮೇಲೆ ಹಾದುಹೋಗಿದೆ. ಅಂದಮೇಲೆ ಅವು ಅಂಗಡಿಯಿಂದ ಬಂದ ನಂತರ ಪೊಟ್ಟಣಗಳನ್ನು ತಾಳೆ ನೋಡಿದಾಗ ಎಳೆದವು. ಕೊನೆಯ ಮೂರು ಸಾಲುಗಳಿಗೆ ಸರಿ ಗುರುತೂ ಇಲ್ಲ, ಓರೆಗೀಟೂ ಇಲ್ಲ. ಅವನ್ನು ಹೊಡೆದ ಗೆರೆ ಅಕ್ಷರಗಳ ಶಾಯಿಯನ್ನು ತನ್ನೊಡನೆ ಬಲಕ್ಕೆ ಎಳೆದು ಮಸಿ ಮಾಡಿದೆ. ಶಾಯಿ ಆರುವ ಮೊದಲೇ ಹೊಡೆದಿದ್ದಾರೆ! ಬೆಲ್ಲ ಬರೆದ ಕೈಗೆ ಪಾಯಸದ ನೆನಪಾಗಿ ದ್ರಾಕ್ಷಿ, ಗೋಡಂಬಿ, ಏಲಕ್ಕಿ ತಾವಾಗಿ ಬಂದಿವೆ, ಮರುಗಳಿಗೆಯಲ್ಲಿ ಬೇಡವೆನಿಸಿವೆ. ಆ ಮೂರು ಸಾಮಾನು ಆ ದಿನ ಆ ಮನೆಯ ಹೊಸ್ತಿಲು ದಾಟಲಿಲ್ಲ.

ಹಾಗೆಂದು ‘ಬಡವರ ಮನೆ’ ಎಂದು ಟಿಪ್ಪಣಿ ತಿರುಗಿಸಿದರೂ ನಾನು ಒಪ್ಪುವುದಿಲ್ಲ. ಗೋಡಂಬಿ ಡಬ್ಬಿಯಲ್ಲೇ ಉಳಿದಿದ್ದು ನೆನಪಾಗಿ ಹೊಡೆದಿರಬಹುದು. ಚೀಟಿ ಹೇಳುವುದು ಇಷ್ಟೆ: ಬಯಸಿದರು, ಬಿಟ್ಟರು, ಉಳಿದದ್ದನ್ನು ತಂದರು. ನಕಲಿನಲ್ಲಿ ಈ ಮೂರೂ ಒಂದೇ ಆಗಿಬಿಟ್ಟಿದ್ದವು.

ಕಾಲನಿರ್ಣಯಕ್ಕೂ ಹೊಡೆದ ಅಕ್ಷರವೇ ಆಧಾರ. ನಕಲಿನಲ್ಲಿ ಅರಿಶಿನದ ಮುಂದೆ ಆರು ನಯಾ ಪೈಸೆ ಮಾತ್ರ ಇತ್ತು. ದಶಮಾಂಶ ನಾಣ್ಯ ಬಂದದ್ದು ೧೯೫೭ರ ಏಪ್ರಿಲ್ ೧ರಂದು. ‘ನಯಾ’ ಎಂಬ ವಿಶೇಷಣವನ್ನು ಸರ್ಕಾರ ಕೈಬಿಟ್ಟದ್ದು ೧೯೬೪ರ ಜೂನ್ ೧ರಂದು. ನಕಲಿನಿಂದ ತಿಳಿಯುವುದು ಇಷ್ಟೇ ದೂರ. ಮೂಲದಲ್ಲಾದರೋ ಕೈ ಮೊದಲು ‘೧ ಆ.’ ಎಂದು ಬರೆದು, ಹೊಡೆದು, ಆರಕ್ಕೆ ತಿದ್ದಿಕೊಂಡಿದೆ. ಆಣೆಗೆ ಕರಾರುವಾಕ್ಕಾಗಿ ಆರೂಕಾಲು ನಯಾ ಪೈಸೆ; ವ್ಯವಹಾರದಲ್ಲಿ ಅದು ಆರೇ. ನಾಣ್ಯ ಬದಲಾಗಿದ್ದರೂ ಬೆಲೆಯನ್ನು ಇನ್ನೂ ಆಣೆಯಲ್ಲೇ ಎಣಿಸುತ್ತಿದ್ದ ಮನಸ್ಸು ಅದು. ಆದ್ದರಿಂದ ಚೀಟಿಯನ್ನು ಆ ಏಳು ವರ್ಷಗಳ ಮೊದಲ ಭಾಗಕ್ಕೆ ಸೇರಿಸುವುದು ನನಗೆ ಸರಿಯೆನಿಸುತ್ತದೆ. ಸೇರು ಇದೆಯೆಂಬ ಕಾರಣದಿಂದಲೇ ೧೯೬೨ಕ್ಕಿಂತ ಹಿಂದಿನದೆನ್ನುವವರಿದ್ದಾರೆ. ಮೆಟ್ರಿಕ್ ತೂಕ ಆ ವರ್ಷದ ಏಪ್ರಿಲ್‌ನಿಂದ ಕಡ್ಡಾಯವಾದದ್ದು ನಿಜ. ಆದರೆ ನಮ್ಮ ಅಡಿಗೆಮನೆಗಳಲ್ಲಿ ಪಾವು ಸೇರುಗಳು ಕಾಯಿದೆಗಿಂತ ಬಹುಕಾಲ ಬಾಳಿದವು; ಆ ವಾದವನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.